ಚೌಕದ ನಡುವಿನ ಚಾರ್ಜ್ ಮೇಲಿನ ಬಲ: 9 ನ್ಯೂಟನ್ ಸರಿಯಾಗಿ ಬಂತು, ದಿಕ್ಕು ಮಾತ್ರ ಹೊಂದುತ್ತಿಲ್ಲ

ತುಂತುರು

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಒಂದು ಲೆಕ್ಕ ಎರಡು ದಿನದಿಂದ ತಲೆ ತಿನ್ನುತ್ತಿದೆ. ದಯವಿಟ್ಟು ಎಲ್ಲಿ ತಪ್ಪಿದ್ದೇನೆ ಅಂತ ಹೇಳಿ.

ABCD ಒಂದು ಚೌಕ. ಬದಿ 10 ಸೆಂ.ಮೀ. A ಎಡಗಡೆ ಮೇಲಿನ ಮೂಲೆ, B ಬಲಗಡೆ ಮೇಲಿನದು, C ಬಲಗಡೆ ಕೆಳಗಿನದು, D ಎಡಗಡೆ ಕೆಳಗಿನದು. ಚಾರ್ಜ್‌ಗಳು ಮೈಕ್ರೊಕೂಲಂ ಲೆಕ್ಕದಲ್ಲಿ A ಗೆ +2, B ಗೆ −5, C ಗೆ +5, D ಗೆ −1. ಚೌಕದ ನಟ್ಟನಡುವೆ +1 ಮೈಕ್ರೊಕೂಲಂ ಇದೆ. ಅದರ ಮೇಲೆ ಒಟ್ಟು ಬಲ ಎಷ್ಟು, ಯಾವ ದಿಕ್ಕಿಗೆ? A ಯಿಂದ B ಕಡೆಗೆ x ದಿಕ್ಕು, D ಯಿಂದ A ಕಡೆಗೆ y ದಿಕ್ಕು ಅಂತ ಕೊಟ್ಟಿದ್ದಾರೆ.

ಮೊದಲು ಚಿತ್ರ ಬರೆದೆ. A ಪ್ಲಸ್, ಹಾಗಾಗಿ ನಡುವಿನದನ್ನು C ಕಡೆಗೆ ತಳ್ಳುತ್ತದೆ. B ಮೈನಸ್, ತನ್ನ ಕಡೆಗೆ ಎಳೆಯುತ್ತದೆ. C ಪ್ಲಸ್, A ಕಡೆಗೆ ತಳ್ಳುತ್ತದೆ. D ಮೈನಸ್, ತನ್ನ ಕಡೆಗೆ ಎಳೆಯುತ್ತದೆ. ನಾಲ್ಕು ಬಾಣ ಹಾಕಿಕೊಂಡೆ. ಆಮೇಲೆ ಲೆಕ್ಕ ಹೀಗೆ ಮಾಡಿದೆ:

```
r  = 10/√2 = 7.07 cm,  r² = 0.005 m²
FA = 9×10⁹ × (2×10⁻⁶)(1×10⁻⁶) / 0.005 = 3.6 N
FB = −9.0 N
FC = 9.0 N
FD = −1.8 N

Fx =  3.6 cos45 + (−9.0) cos45 − 9.0 cos45 − (−1.8) cos45 = −8.91 N
Fy = −3.6 sin45 + (−9.0) sin45 + 9.0 sin45 − (−1.8) sin45 = −1.27 N

F = √(8.91² + 1.27²) = 9.0 N
θ = tan⁻¹(1.27/8.91) = 8.13°
```

ಹಿಂದೆ ಕೊಟ್ಟಿರುವ ಉತ್ತರ 9.0 ನ್ಯೂಟನ್, x ದಿಕ್ಕಿನಿಂದ 81.87 ಡಿಗ್ರಿ. ಬಲ ಸರಿಯಾಗಿ ಬಂದಿದೆ, ಕೋನ ಮಾತ್ರ ಬೇರೆ. ಬಲ ಸರಿ ಇದ್ದ ಮೇಲೆ ಘಟಕಗಳೂ ಸರಿ ಇರಲೇಬೇಕು ಅಲ್ವಾ? ಉತ್ತರ ಅಚ್ಚಾಗುವಾಗಲೇ ತಪ್ಪಾಗಿದೆಯಾ?

ಬಯಲುಸೀಮೆ

ತಂಗಿ, ಇದಕ್ಕೆ ಉತ್ತರ ಸೊನ್ನೆ. ಎದುರುಬದುರು ಮೂಲೆಗಳಲ್ಲಿ ಒಂದೇ ಚಾರ್ಜ್ ಇದ್ದರೆ ಎರಡು ಬಲ ಒಂದನ್ನೊಂದು ಹೊಡೆದು ಹಾಕುತ್ತವೆ. A ಮತ್ತು C ಎರಡೂ 2, B ಮತ್ತು D ಎರಡೂ −5. ನಾನು ಸಂಜೆ ಹೊತ್ತು ಊರಿನ ಮಕ್ಕಳಿಗೆ ಪಾಠ ಹೇಳುತ್ತೇನೆ, ಇದೇ ಲೆಕ್ಕ ಪ್ರತಿ ವರ್ಷ ಮಾಡಿಸುತ್ತೇನೆ. ಸೈನ್, ಕಾಸ್ ಏನೂ ಬೇಡ, ಒಂದು ಸಾಲಿನ ಉತ್ತರ.

ತುಂತುರು

ಅಣ್ಣ, ನೀವು ಹೇಳಿದ್ದು ಪಠ್ಯಪುಸ್ತಕದ ಲೆಕ್ಕ. ಅದು ನನಗೂ ಬಂತು. ಇದು ನಮ್ಮ ಲೆಕ್ಚರರ್ ಅದನ್ನೇ ಬದಲಾಯಿಸಿ ಕೊಟ್ಟಿರುವುದು. ಇಲ್ಲಿ C ಗೆ +5, D ಗೆ −1. ಎದುರುಬದುರು ಒಂದೇ ಇಲ್ಲ.

ಬಯಲುಸೀಮೆ

ಹೌದು, ಈಗ ಸರಿಯಾಗಿ ನೋಡಿದೆ. ಸೊನ್ನೆ ಬರುವುದಿಲ್ಲ.

ವೇಗದೂತ

ನಿಮ್ಮ 8.13 ಮತ್ತು ಉತ್ತರದ 81.87 ಕೂಡಿಸಿ ನೋಡಿ. ಸರಿಯಾಗಿ 90. ಇದು ಕಾಕತಾಳೀಯ ಅಲ್ಲ. ನೀವು ಎಲ್ಲೋ sin ಇರುವ ಕಡೆ cos ಹಾಕಿದ್ದೀರಿ, ಇಲ್ಲಾ ಕೋನವನ್ನು y ಅಕ್ಷದಿಂದ ಅಳೆದಿದ್ದೀರಿ. ನಿಮ್ಮ 8.91 ಮತ್ತು 1.27 ಅದಲುಬದಲಾಗಿವೆ ಅಷ್ಟೇ. 90 ರಿಂದ ಕಳೆಯಿರಿ, ಮುಗಿಯಿತು. ನಾನು ಎಂಜಿನಿಯರಿಂಗ್ ಎರಡನೇ ವರ್ಷ, ಇಳಿಜಾರಿನ ಲೆಕ್ಕಗಳಲ್ಲಿ ನನಗೂ ಇದೇ ಆಗುತ್ತಿತ್ತು.

ತುಂತುರು

ಅಣ್ಣ, ಆದರೆ ಇಲ್ಲಿ ಎಲ್ಲ ಕೋನವೂ 45. sin 45, cos 45 ಎರಡೂ 0.707. ಅದಲುಬದಲು ಮಾಡಿದರೂ ಸಂಖ್ಯೆ ಬದಲಾಗುವುದಿಲ್ಲವಲ್ಲ? ಕೋನಕ್ಕೂ Fy ಯನ್ನು Fx ನಿಂದ ಭಾಗಿಸಿದ್ದೇನೆ, ಅದೂ ಸರಿ ಅನ್ನಿಸುತ್ತದೆ.

ವೇಗದೂತ

ಅದು ನಿಜ. 45 ಇರುವಾಗ sin-cos ಬದಲಾದರೆ ಏನೂ ಆಗಬಾರದು. ಆದರೂ 90 ಹೇಗೆ ಬಂತು ಅನ್ನುವುದಕ್ಕೆ ಏನೋ ಒಂದು ಕಾರಣ ಇರಲೇಬೇಕು. ಯೋಚಿಸುತ್ತೇನೆ.

ಲ್ಯಾಬ್ ಬೆಂಚು

ನೋಡಮ್ಮ ತುಂತುರು, ಸ್ವಲ್ಪ ಹೊತ್ತು ಸಂಖ್ಯೆಗಳನ್ನೆಲ್ಲ ಪಕ್ಕಕ್ಕಿಡು. ನೀನು ಬರೆದ ಚಿತ್ರ ಒಂದನ್ನೇ ನೋಡು. ಅದು ತುಂಬಾ ಚೆನ್ನಾಗಿದೆ, ನಾಲ್ಕು ಬಾಣವೂ ಸರಿ.

ದೊಡ್ಡ ಬಾಣ ಎರಡು. B ತನ್ನ ಕಡೆಗೆ ಎಳೆಯುತ್ತಿದೆ, ಅಂದರೆ ಬಲಕ್ಕೆ ಮೇಲೆ. C ತಳ್ಳುತ್ತಿದೆ, ಅಂದರೆ ಎಡಕ್ಕೆ ಮೇಲೆ. ಎರಡೂ 9 ನ್ಯೂಟನ್. ಒಂದು ಎಡ, ಒಂದು ಬಲ, ಆದರೆ ಎರಡೂ ಮೇಲಕ್ಕೆ. ಚಿಕ್ಕ ಬಾಣಗಳಾದ A, D ಎರಡೂ ಕೆಳಕ್ಕೆ, 3.6 ಮತ್ತು 1.8. ಹಾಗಿದ್ದರೆ ನಡುವಿನ ಚಾರ್ಜ್ ಎತ್ತ ಹೋಗಬೇಕು? ಹೆಚ್ಚುಕಡಿಮೆ ನೇರ ಮೇಲಕ್ಕೆ. A, D ಸೇರಿಕೊಂಡು ಎಷ್ಟು ಜಗ್ಗಿದರೂ ಇದು ಕೆಳಗೆ ಬರುವ ಮಾತೇ ಇಲ್ಲ.

ಈಗ ನಿನ್ನ Fy ನೋಡು. −1.27. ಕೆಳಕ್ಕೆ! Fx ನೋಡು. −8.91. ಎಡಕ್ಕೆ, ಅದೂ ಜೋರಾಗಿ. ಅಂದರೆ ನಿನ್ನ ಲೆಕ್ಕದ ಬಾಣ ಎಡಗಡೆಗೆ ಹೊರಟಿದೆ, ಚಿತ್ರದ ಬಾಣ ಮೇಲಕ್ಕೆ ಹೊರಟಿದೆ. ಆದ್ದರಿಂದ ಇದು ಕೋನವನ್ನು ಯಾವ ಅಕ್ಷದಿಂದ ಅಳೆದೆವು ಅನ್ನುವ ಪ್ರಶ್ನೆ ಅಲ್ಲ. ಬಲದ ಬಾಣವೇ ಬೇರೆ ಆಗಿದೆ. 90 ರಿಂದ ಕಳೆದರೆ ಉತ್ತರ ಹೊಂದುತ್ತದೆ, ತಪ್ಪು ಹಾಗೇ ಉಳಿಯುತ್ತದೆ.

ತಪ್ಪು ಇರುವುದು ಈ ತುಂಡಿನಲ್ಲಿ: `(−9.0) cos45`. ನಾನು ಒಂದು ಪ್ರಶ್ನೆ ಕೇಳುತ್ತೇನೆ, ನೀನೇ ಹೇಳು. ಆ −9.0 ರ ಮೈನಸ್ ಏನು ಹೇಳುತ್ತಿದೆ?

ತುಂತುರು

B ಯ ಚಾರ್ಜ್ ಮೈನಸ್ ಅಂತ. ಅಂದರೆ ತಳ್ಳುವುದಿಲ್ಲ, ಎಳೆಯುತ್ತದೆ ಅಂತ.

ಲ್ಯಾಬ್ ಬೆಂಚು

ಸರಿ. ಚಿತ್ರದಲ್ಲಿ ಬಾಣವನ್ನು B ಕಡೆಗೆ ಹಾಕಿದ್ದು ಯಾಕೆ?

ತುಂತುರು

ಎಳೆಯುತ್ತದೆ ಅಂತ... ಅಯ್ಯೋ. ಅದೇ ವಿಷಯವನ್ನು ಎರಡು ಸಲ ಹೇಳಿದ್ದೇನೆ!

ಲ್ಯಾಬ್ ಬೆಂಚು

ಅಷ್ಟೇ. ಒಂದು ಮೈನಸ್ ಅನ್ನು ಎರಡು ಕಡೆ ಬಳಸಿದ್ದೀಯ. ಬಾಣ B ಕಡೆಗೆ ತಿರುಗಿದಾಗಲೇ ಆ ಮೈನಸ್ ಖರ್ಚಾಗಿ ಹೋಯಿತು. ಮತ್ತೆ −9.0 ಅಂತ ಬರೆದಾಗ ಬಾಣ ಇನ್ನೊಂದು ಸಲ ತಿರುಗಿ D ಕಡೆಗೆ ಹೋಯಿತು. D ಯ ಬಾಣಕ್ಕೂ ಹೀಗೇ ಆಯಿತು.

ಇದಕ್ಕೆ ಎರಡು ದಾರಿ ಇವೆ, ಎರಡೂ ಸರಿ. ಒಂದು, ಬಾಣದ ದಿಕ್ಕನ್ನು ಕಣ್ಣಿನಿಂದ ತೀರ್ಮಾನ ಮಾಡಿ ಸೂತ್ರಕ್ಕೆ ಚಾರ್ಜ್‌ನ ಗಾತ್ರ ಮಾತ್ರ ಹಾಕುವುದು, ಚಿಹ್ನೆ ಹಾಕಬಾರದು. ಇನ್ನೊಂದು, ಸೂತ್ರಕ್ಕೆ ಚಿಹ್ನೆ ಸಮೇತ ಹಾಕಿ, ಬಾಣವನ್ನು ಮಾತ್ರ ಯಾವಾಗಲೂ ಮೂಲೆಯಿಂದ ಆಚೆಗೆ ಹೋಗುವ ಹಾಗೆ ಇಟ್ಟುಕೊಳ್ಳುವುದು. ಆಗ ಮೈನಸ್ ತಾನೇ ಅದನ್ನು ತಿರುಗಿಸುತ್ತದೆ. ನೀನು ಮೊದಲನೆಯದರ ಚಿತ್ರ ಬರೆದು ಎರಡನೆಯದರ ಸಂಖ್ಯೆ ಹಾಕಿದ್ದೀಯ. ಪರೀಕ್ಷೆಗೆ ಮೊದಲನೆಯದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಚಿತ್ರ ನಿನ್ನ ಕಣ್ಣೆದುರಿಗೇ ಇರುತ್ತದೆ.

ಮೊದಲನೆಯ ದಾರಿಯಲ್ಲಿ ಮಾಡಿದರೆ ಹೀಗೆ ಬರುತ್ತದೆ:

```
Fx = ( 3.6 + 9.0 − 9.0 − 1.8) × 0.7071 = 1.27 N
Fy = (−3.6 + 9.0 + 9.0 − 1.8) × 0.7071 = 8.91 N
F  = 9.0 N,  θ = tan⁻¹(8.91/1.27) = 81.87°
```

Fx ಚಿಕ್ಕದು, Fy ದೊಡ್ಡದು, ಎರಡೂ ಪ್ಲಸ್. ಚಿತ್ರ ಹೇಳಿದ್ದೂ ಅದನ್ನೇ.

ತುಂತುರು

ಮೇಡಂ, ತುಂಬಾ ಥ್ಯಾಂಕ್ಸ್. ಈಗ ಅರ್ಥ ಆಯಿತು. ಆದರೆ ಒಂದು ವಿಷಯ ಇನ್ನೂ ಚುಚ್ಚುತ್ತಿದೆ. ಎರಡು ಬಾಣ ಪೂರ್ತಿ ಉಲ್ಟಾ ಹಾಕಿದರೂ 9.0 ಹೇಗೆ ಸರಿಯಾಗಿ ಬಂತು? ಅದು ತಪ್ಪಾಗಿ ಬಂದಿದ್ದರೆ ನಾನೇ ಹುಡುಕುತ್ತಿದ್ದೆ. ಸರಿ ಬಂದಿದ್ದರಿಂದಲೇ ಎರಡು ದಿನ ಉತ್ತರದ ಮೇಲೆ ಅನುಮಾನ ಪಟ್ಟೆ.

ಲ್ಯಾಬ್ ಬೆಂಚು

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಸಿಗಬೇಕಾದರೆ x, y ಬಿಟ್ಟು ಕರ್ಣಗಳ ಮೇಲೆ ನಿಂತು ನೋಡಬೇಕು.

ನಾಲ್ಕೂ ಮೂಲೆ ನಡುವಿನಿಂದ ಒಂದೇ ದೂರ. ಹಾಗಾಗಿ ಮೂಲೆಯಲ್ಲಿ 1 ಮೈಕ್ರೊಕೂಲಂ ಇದ್ದರೆ ಇಲ್ಲಿ 1.8 ನ್ಯೂಟನ್, 2 ಇದ್ದರೆ 3.6, ಹೀಗೆ. AC ಕರ್ಣದ ಮೇಲೆ C ಯ 5 ಒಂದು ಕಡೆ ತಳ್ಳುತ್ತದೆ, A ಯ 2 ಎದುರಿನಿಂದ ತಳ್ಳುತ್ತದೆ. ಉಳಿಯುವುದು 3, ಅಂದರೆ 5.4 ನ್ಯೂಟನ್, A ಕಡೆಗೆ. BD ಕರ್ಣದ ಮೇಲೆ B ಯ 5 ತನ್ನ ಕಡೆಗೆ, D ಯ 1 ತನ್ನ ಕಡೆಗೆ ಎಳೆಯುತ್ತದೆ. ಉಳಿಯುವುದು 4, ಅಂದರೆ 7.2 ನ್ಯೂಟನ್, B ಕಡೆಗೆ. ಚೌಕದ ಕರ್ಣಗಳು ಒಂದಕ್ಕೊಂದು ಲಂಬ. 3, 4 ಅಂದ ಕೂಡಲೇ 5. ಐದು ಸಲ 1.8 ಅಂದರೆ 9.0.

ಈಗ ನಿನ್ನ ತಪ್ಪು ಏನು ಮಾಡಿತು ನೋಡು. AC ಯಲ್ಲಿ ಎರಡೂ ಪ್ಲಸ್, ಅಲ್ಲಿ ಏನೂ ಕೆಡಲಿಲ್ಲ. BD ಯಲ್ಲಿ ಎರಡೂ ಮೈನಸ್, ಅಲ್ಲಿನ ಎರಡು ಬಾಣವೂ ತಿರುಗಿದವು. ಅಂದರೆ 7.2 ನ್ಯೂಟನ್ B ಕಡೆಗೆ ಹೋಗುವ ಬದಲು D ಕಡೆಗೆ ಹೋಯಿತು. ಆದರೆ ಅದು 5.4 ಕ್ಕೆ ಈಗಲೂ ಲಂಬವೇ. ಪೂರ್ವಕ್ಕೆ 4 ಹೆಜ್ಜೆ, ಉತ್ತರಕ್ಕೆ 3 ಹೆಜ್ಜೆ ನಡೆದರೂ 5 ಹೆಜ್ಜೆ ದೂರ. ಪಶ್ಚಿಮಕ್ಕೆ 4, ಉತ್ತರಕ್ಕೆ 3 ನಡೆದರೂ 5 ಹೆಜ್ಜೆ ದೂರ. ನಿಂತ ಜಾಗ ಬೇರೆ, ದೂರ ಒಂದೇ.

ವೇಗದೂತ ಅವರು 90 ಡಿಗ್ರಿ ಹಿಡಿದದ್ದೂ ಇದರಿಂದಲೇ. BD ಯ ಪಾಲು ಮಾತ್ರ ತಿರುಗಿತು ಅಂದರೆ ಇಡೀ ಬಾಣ AC ಗೆರೆಯ ಮೇಲೆ ಕನ್ನಡಿ ಇಟ್ಟ ಹಾಗೆ ಆಚೆ ಬದಿಗೆ ಬಿತ್ತು. ಆ ಕನ್ನಡಿಯಲ್ಲಿ x ಇದ್ದದ್ದು y ಆಗುತ್ತದೆ, y ಇದ್ದದ್ದು x ಆಗುತ್ತದೆ, ಎರಡಕ್ಕೂ ಮೈನಸ್ ಸೇರಿಕೊಳ್ಳುತ್ತದೆ. ಸರಿಯಾದದ್ದು (1.27, 8.91). ನಿನಗೆ ಬಂದದ್ದು (−8.91, −1.27). ಸಂಖ್ಯೆಗಳು ಅದಲುಬದಲಾಗಿವೆ ಅಂತ ಅವರು ಹೇಳಿದ್ದು ನಿಜ. ಕಾರಣ ಮಾತ್ರ ಬೇರೆ.

ಇನ್ನೊಂದು ಸಣ್ಣ ವಿಷಯವೂ ಇಲ್ಲಿ ಮುಚ್ಚಿಹೋಗಿದೆ. (−8.91, −1.27) ಗೆ ಕೋನ 8.13 ಅಲ್ಲ, 188.13. ಭಾಗಿಸುವಾಗ ಎರಡು ಮೈನಸ್ ಹೊಡೆದುಹೋಗಿ ಕ್ಯಾಲ್ಕುಲೇಟರ್‌ಗೆ 0.143 ಅಂತ ಮಾತ್ರ ಕಾಣಿಸಿತು. ಅದಕ್ಕೆ ಬಾಣ ಎತ್ತ ಹೋಗಿದೆ ಅಂತ ಗೊತ್ತಾಗಲು ದಾರಿ ಇಲ್ಲ. 188 ಅಂತ ಬರೆದಿದ್ದರೆ ನೀನೇ ಚಿತ್ರ ನೋಡಿ ನಿಲ್ಲುತ್ತಿದ್ದೆ.

ವೇಗದೂತ

ಮೇಡಂ, ನಾನು ಉತ್ತರಕ್ಕೆ ಹೊಂದಿಸಲು ಹೋಗಿದ್ದೆ, ಕ್ಷಮಿಸಿ. ಕನ್ನಡಿಯ ಮಾತು ಓದಿದ ಮೇಲೆ ಪೈಥಾನ್‌ನಲ್ಲಿ ಬರೆದು ನೋಡಿದೆ. ಇಲ್ಲಿ ಚಿಹ್ನೆ `q` ಒಳಗೆ ಒಂದೇ ಕಡೆ ಇದೆ. ದಿಕ್ಕು ಯಾವಾಗಲೂ ಮೂಲೆಯಿಂದ ಆಚೆಗೆ, ಅಂದರೆ ನೀವು ಹೇಳಿದ ಎರಡನೆಯ ದಾರಿ.

```python
import math
k, a, Q = 9e9, 0.10, 1e-6
h = a / 2
corners = [(-h, h, 2e-6), (h, h, -5e-6),
           (h, -h, 5e-6), (-h, -h, -1e-6)]
Fx = Fy = 0.0
for x, y, q in corners:
    r = math.hypot(x, y)
    f = k * q * Q / r**3
    Fx -= f * x
    Fy -= f * y
print(Fx, Fy, math.hypot(Fx, Fy))
print(math.degrees(math.atan2(Fy, Fx)))
```

1.27, 8.91, 9.0 ಮತ್ತು 81.87 ಬಂತು. `atan` ಬದಲು `atan2` ಹಾಕಿದ್ದೇನೆ. ಅದಕ್ಕೆ Fy, Fx ಎರಡನ್ನೂ ಬೇರೆ ಬೇರೆಯಾಗಿ ಕೊಡುತ್ತೇವೆ, ಹಾಗಾಗಿ ಚಿಹ್ನೆ ಕಳೆದುಹೋಗುವುದಿಲ್ಲ.

ಆಮೇಲೆ ಬೇಕೆಂದೇ ತುಂತುರು ಮಾಡಿದ ತಪ್ಪನ್ನೇ ಮಾಡಲು ನೋಡಿದೆ. `q` ಇರುವ ಕಡೆ `abs(q)` ಹಾಕಿದರೆ ಅವರ −8.91, −1.27 ಸರಿಯಾಗಿ ಬರುತ್ತದೆ! ಇದು ಯಾಕೆ ಅಂತ ಸ್ವಲ್ಪ ಹೊತ್ತು ಹೊಳೆಯಲಿಲ್ಲ.

ಲ್ಯಾಬ್ ಬೆಂಚು

ಇದು ನನಗೆ ತುಂಬಾ ಇಷ್ಟವಾಯಿತು. ಮೈನಸ್ ಎರಡು ಸಲ ಬಂದರೆ ಪ್ಲಸ್. ಹಾಗಾಗಿ ತುಂತುರು ಬಿಡಿಸಿದ್ದು ಬೇರೆಯೇ ಲೆಕ್ಕ. ನಾಲ್ಕೂ ಮೂಲೆಯಲ್ಲಿ ಪ್ಲಸ್ ಚಾರ್ಜ್, +2, +5, +5, +1. ಆ ಲೆಕ್ಕಕ್ಕೆ ಅವಳ ಉತ್ತರ ಪೂರ್ತಿ ಸರಿ.

ಇದರಿಂದ ತಪ್ಪು ಹಿಡಿಯುವ ಒಂದು ಉಪಾಯ ಸಿಗುತ್ತದೆ. ಲೆಕ್ಕದಲ್ಲಿ ಯಾವುದಾದರೂ ಒಂದು ಚಾರ್ಜ್‌ನ ಚಿಹ್ನೆ ಬದಲಾಯಿಸಿ ಮತ್ತೆ ಮಾಡು. ಉತ್ತರ ಒಂದಿಷ್ಟೂ ಅಲುಗಾಡದಿದ್ದರೆ ಮೈನಸ್ ಎರಡು ಸಲ ಬಳಕೆಯಾಗಿದೆ ಅಂತಲೇ ಅರ್ಥ.

ಬಲದ ಗಾತ್ರ ಯಾವಾಗಲೂ ಹೀಗೆ ಸರಿಯಾಗಿ ಬಂದು ಮೋಸ ಮಾಡುತ್ತದೆ ಅಂದುಕೊಳ್ಳಬೇಡ. ಇಲ್ಲಿ ಎರಡು ಮೈನಸ್ ಒಂದೇ ಕರ್ಣದ ಮೇಲೆ ಇದ್ದವು, ಅದಕ್ಕೇ ಹೀಗಾಯಿತು. ಅವು ಅಕ್ಕಪಕ್ಕದ ಮೂಲೆಗಳಲ್ಲಿ ಇದ್ದರೆ? A ಗೆ +2, B ಗೆ +5, C ಗೆ −5, D ಗೆ −1 ಇಟ್ಟು ನೋಡು. ಈಗ A ತಳ್ಳುವುದೂ C ಎಳೆಯುವುದೂ ಒಂದೇ ಕಡೆಗೆ, ಕೂಡಿ 7. B ತಳ್ಳುವುದೂ D ಎಳೆಯುವುದೂ ಒಂದೇ ಕಡೆಗೆ, ಕೂಡಿ 6. ಒಟ್ಟು 49 ಮತ್ತು 36 ಕೂಡಿ 85 ರ ವರ್ಗಮೂಲ, ಅದನ್ನು 1.8 ರಿಂದ ಗುಣಿಸಿದರೆ 16.6 ನ್ಯೂಟನ್. ಹಳೆಯ ರೀತಿಯಲ್ಲಿ ಮಾಡಿದರೆ ಇದಕ್ಕೂ 9.0 ಬರುತ್ತದೆ. ಅಲ್ಲಾದರೆ ನಿನಗೆ ಕೂಡಲೇ ತಪ್ಪು ಕಾಣುತ್ತಿತ್ತು.

ಹೊಂಗೆ ಮರ

ಮೇಡಂ, ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಮಗನಿಗೂ ಇಂಥದ್ದೇ ಲೆಕ್ಕ ಬಂದಿದೆ. ನಾನು ಓದು ಬಿಟ್ಟು ಇಪ್ಪತ್ತು ವರ್ಷವಾಯಿತು, ಆದರೂ ಕೂತು ಮಾಡಿಸುತ್ತೇನೆ. ನಿಮ್ಮ ಕರ್ಣದ ದಾರಿ ಅವನಿಗೆ ಹೇಳಿಕೊಟ್ಟೆ, ಉತ್ತರ ಹೊಂದಲಿಲ್ಲ. ಚಾರ್ಜ್‌ಗಳು ಇವೇ, ನಡುವೆಯೂ +1. ಆಕಾರ ಮಾತ್ರ 8 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರ. ಅರ್ಧ ಕರ್ಣ 5 ಸೆಂ.ಮೀ. ಹಾಗಾಗಿ 1 ಮೈಕ್ರೊಕೂಲಂಗೆ 3.6 ನ್ಯೂಟನ್. 3, 4, 5 ಅಂತ ಹಿಡಿದು ಐದು ಸಲ 3.6, ಅಂದರೆ 18 ನ್ಯೂಟನ್ ಅಂದೆವು. ಅವರ ಉತ್ತರ 15.4. ಮೈನಸ್ ಎರಡು ಸಲ ಹಾಕಿಲ್ಲ, ಎರಡು ಬಾರಿ ನೋಡಿದೆವು.

ಲ್ಯಾಬ್ ಬೆಂಚು

ನಿಮ್ಮ ತಪ್ಪು ಬೇರೆ ಜಾಗದಲ್ಲಿದೆ. ಆಯತದಲ್ಲೂ ನಾಲ್ಕು ಮೂಲೆ ನಡುವಿನಿಂದ ಒಂದೇ ದೂರ, ಹಾಗಾಗಿ ಕರ್ಣದ ಮೇಲೆ ಕಳೆಯುವುದು ಸರಿ. A ಕಡೆಗೆ 10.8, B ಕಡೆಗೆ 14.4 ನ್ಯೂಟನ್. ಅಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ಆದರೆ ಆಯತದ ಕರ್ಣಗಳು ಲಂಬ ಅಲ್ಲ. 3, 4, 5 ಉಪಯೋಗಕ್ಕೆ ಬರುವುದು ಲಂಬ ಇದ್ದಾಗ ಮಾತ್ರ.

ಇಲ್ಲಿ x, y ಗೆ ಇಳಿಯಲೇಬೇಕು. ನಡುವಿನಿಂದ ಮೂಲೆಗೆ ಹೋಗಲು ಪಕ್ಕಕ್ಕೆ 4, ಮೇಲಕ್ಕೆ 3, ಓರೆ ದೂರ 5. ಹಾಗಾಗಿ 45 ರ 0.7071 ಬೇಡ. x ಗೆ 0.8, y ಗೆ 0.6.

```
Fx = (14.4 − 10.8) × 0.8 = 2.88 N
Fy = (14.4 + 10.8) × 0.6 = 15.12 N
F  = 15.4 N
```

A ಮತ್ತು B ಕಡೆಯ ಬಾಣಗಳ ನಡುವೆ ಇಲ್ಲಿ 106 ಡಿಗ್ರಿ ಇದೆ, 90 ಕ್ಕಿಂತ ಜಾಸ್ತಿ. ಅವು ಸ್ವಲ್ಪ ಮಟ್ಟಿಗೆ ಒಂದನ್ನೊಂದು ಕಡಿಮೆ ಮಾಡುತ್ತವೆ. ಅದಕ್ಕೇ 18 ಕ್ಕಿಂತ ಕಡಿಮೆ.

ಹೊಂಗೆ ಮರ

ಮಗ ಪಕ್ಕದಲ್ಲೇ ಕೂತಿದ್ದಾನೆ. ಓದಿ ಹೇಳಿದ ಕೂಡಲೇ ಅವನೇ ಕೋನ 79 ಡಿಗ್ರಿ ಅಂತ ಲೆಕ್ಕ ಹಾಕಿದ. ತುಂಬಾ ಉಪಕಾರವಾಯಿತು ಮೇಡಂ.

ಸೋಲ್ಡರ್ ಕೈ

ಇದನ್ನು ನಿಜವಾಗಿ ಮಾಡಿ ತೋರಿಸಬಹುದಾ? ನಾನು ಎಲೆಕ್ಟ್ರಾನಿಕ್ಸ್ ಹವ್ಯಾಸಿ. ನಮ್ಮೂರ ಶಾಲೆಯ ವಿಜ್ಞಾನ ಮೇಳಕ್ಕೆ ಏನಾದರೂ ಮಾಡಿಕೊಡಿ ಅಂತ ಕೇಳಿದ್ದಾರೆ. ಥರ್ಮೋಕೋಲ್ ಗುಂಡಿಗೆ ಅಡುಗೆಮನೆಯ ಫಾಯಿಲ್ ಸುತ್ತಿ ನಾಲ್ಕು ಮೂಲೆಗೆ ನಿಲ್ಲಿಸಿ, ನಡುವೆ ಒಂದನ್ನು ದಾರಕ್ಕೆ ಕಟ್ಟಿ ತೂಗಿ ಬಿಟ್ಟರೆ ಅದು ಉತ್ತರ ಹೇಳಿದ ದಿಕ್ಕಿಗೆ ವಾಲಬೇಕಲ್ಲ? 9 ನ್ಯೂಟನ್ ಅಂದರೆ 900 ಗ್ರಾಂ ಮೇಲೆ ತೂಕ. ಚೆನ್ನಾಗಿ ವಾಲುತ್ತದೆ ಅಂದುಕೊಂಡೆ.

ಲ್ಯಾಬ್ ಬೆಂಚು

ದಿಕ್ಕು ತೋರಿಸಬಹುದು, 9 ನ್ಯೂಟನ್ ತೋರಿಸಲು ಆಗುವುದಿಲ್ಲ. ಕಾಗದದ ಮೇಲೆ 5 ಮೈಕ್ರೊಕೂಲಂ ಅಂತ ಬರೆಯುವುದು ಸುಲಭ, ಒಂದು ಸಣ್ಣ ಗುಂಡಿನ ಮೇಲೆ ಅಷ್ಟು ಚಾರ್ಜ್ ನಿಲ್ಲಿಸುವುದು ಆಗದ ಕೆಲಸ.

ಒಂದು ಮೀಟರ್‌ಗೆ ಸುಮಾರು 30 ಲಕ್ಷ ವೋಲ್ಟ್ ದಾಟಿದರೆ ಗಾಳಿಯೇ ಬಿಟ್ಟುಕೊಡುತ್ತದೆ, ಕಿಡಿ ಹಾರಿ ಚಾರ್ಜ್ ಸೋರಿಹೋಗುತ್ತದೆ. 1 ಸೆಂ.ಮೀ. ತ್ರಿಜ್ಯದ ಗುಂಡು ಅಂದರೆ ಅದರ ಮೇಲೆ ನಿಲ್ಲುವುದು ಹೆಚ್ಚೆಂದರೆ 0.033 ಮೈಕ್ರೊಕೂಲಂ. 5 ಮೈಕ್ರೊಕೂಲಂ ನಿಲ್ಲಬೇಕಾದರೆ ಗುಂಡಿನ ತ್ರಿಜ್ಯ 12 ಸೆಂ.ಮೀ. ಬೇಕು. ನಮ್ಮ ಚೌಕದ ಬದಿಯೇ 10 ಸೆಂ.ಮೀ.! ಗುಂಡು ಚೌಕದೊಳಗೆ ಹಿಡಿಸುವುದೇ ಇಲ್ಲ.

ಮೂಲೆಯಲ್ಲೂ ನಡುವೆಯೂ 0.01 ಮೈಕ್ರೊಕೂಲಂ ಇಟ್ಟರೆ ಒಂದು ಮೂಲೆಯ ಬಲ 0.18 ಮಿಲಿನ್ಯೂಟನ್. ತೂಗುವ ಗುಂಡು 0.2 ಗ್ರಾಂ ಇದ್ದರೆ ದಾರ ಸುಮಾರು 5 ಡಿಗ್ರಿ ವಾಲುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಬೇರೆ ಬೇರೆ ಗಾತ್ರದ ಚಾರ್ಜ್ ಬೇಕಾದರೆ ಕೂಲಂ ಮಾಡಿದ್ದನ್ನೇ ಮಾಡಿ. ಚಾರ್ಜ್ ಇರುವ ಗುಂಡನ್ನು ಅಷ್ಟೇ ದೊಡ್ಡ ಖಾಲಿ ಗುಂಡಿಗೆ ತಾಗಿಸಿದರೆ ಎರಡಕ್ಕೂ ಅರ್ಧ ಅರ್ಧ. ಉಣ್ಣೆಯಿಂದ ಉಜ್ಜಿದ ಪಿವಿಸಿ ಪೈಪ್‌ನಿಂದ ಮೈನಸ್, ರೇಷ್ಮೆಯಿಂದ ಉಜ್ಜಿದ ಗಾಜಿನ ಕಡ್ಡಿಯಿಂದ ಪ್ಲಸ್ ಸಿಗುತ್ತದೆ.

ಸೋಲ್ಡರ್ ಕೈ

ನಿನ್ನೆ ರಾತ್ರಿ ಎರಡು ಗುಂಡು ಇಟ್ಟು ನೋಡಿದೆ. ಪೈಪ್‌ನಿಂದ ಮೈನಸ್ ಚೆನ್ನಾಗಿ ಬಂತು, ತೂಗುಬಿಟ್ಟ ಗುಂಡು ದೂರ ಸರಿಯಿತು. ಆದರೆ ಒಂದು ನಿಮಿಷದೊಳಗೆ ವಾಪಸ್ ಬಂದು ನೇರ ನಿಂತಿತು. ಇಲ್ಲಿ ಮಳೆ ಹಿಡಿದಿದೆ, ಹತ್ತಿ ದಾರ ಹಾಕಿದ್ದೆ. ಗಾಜಿನ ಕಡ್ಡಿಯಿಂದ ಏನೂ ಬರಲಿಲ್ಲ.

ಲ್ಯಾಬ್ ಬೆಂಚು

ಹತ್ತಿ ತೇವ ಹೀರುತ್ತದೆ, ಅದರ ಮೂಲಕವೇ ಚಾರ್ಜ್ ಹೋಗಿದೆ. ನೈಲಾನ್ ದಾರ ಹಾಕಿ. ಗಾಜನ್ನು ಬಿಸಿ ಮಾಡಿ ಒಣಗಿಸಿ ಉಜ್ಜಿ, ಮಳೆಗಾಲದಲ್ಲಿ ಗಾಜು ಯಾವಾಗಲೂ ಹಟ ಮಾಡುತ್ತದೆ. ಇನ್ನೊಂದು ಮಾತು. ಗುಂಡುಗಳು ಹತ್ತಿರ ಬಂದಾಗ ಫಾಯಿಲ್ ಮೇಲಿನ ಚಾರ್ಜ್ ಒಂದು ಬದಿಗೆ ಸರಿಯುತ್ತದೆ. ಆಗ ಅದು ಬಿಂದುವಿನ ಹಾಗೆ ನಡೆದುಕೊಳ್ಳುವುದಿಲ್ಲ. ಹಾಗಾಗಿ 10 ರ ಬದಲು 20 ಸೆಂ.ಮೀ. ಚೌಕ ಮಾಡಿ. ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ವಾಲುವುದು ಕಡಿಮೆಯಾಗುತ್ತದೆ, ಆದರೆ ದಿಕ್ಕು ಹೆಚ್ಚು ನಂಬುವಂತಿರುತ್ತದೆ. ಐದು ಗುಂಡು ಒಟ್ಟಿಗೆ ಇಟ್ಟು 81 ಡಿಗ್ರಿ ತೋರಿಸಿದವರನ್ನು ನಾನು ನೋಡಿಲ್ಲ. ನೀವು ಮಾಡಿದರೆ ಇಲ್ಲಿ ಹಾಕಿ.

ಬಯಲುಸೀಮೆ

ಮೇಡಂ, ಒಂದು ಅನುಮಾನ. ಕರ್ಣದ ದಾರಿಯಲ್ಲಿ ನಾಲ್ಕು ಸಾಲಿಗೆ ಉತ್ತರ ಬರುತ್ತದೆ. ಪರೀಕ್ಷೆಯಲ್ಲಿ ಅಷ್ಟೇ ಬರೆದರೆ ಪೂರ್ತಿ ಅಂಕ ಸಿಗುತ್ತದಾ? ನನ್ನ ಒಬ್ಬ ವಿದ್ಯಾರ್ಥಿಗೆ ಕಾಲೇಜಿನ ಪರೀಕ್ಷೆಯಲ್ಲಿ Fx, Fy ಬರೆದಿಲ್ಲ ಅಂತ ಎರಡು ಅಂಕ ಕಡಿದರು.

ಲ್ಯಾಬ್ ಬೆಂಚು

ನನ್ನ ಕೈಗೆ ಬಂದಿದ್ದರೆ ಪೂರ್ತಿ ಕೊಡುತ್ತಿದ್ದೆ. ಕರ್ಣಗಳೂ ಲಂಬವಾದ ಎರಡು ಅಕ್ಷಗಳೇ, ಅವುಗಳ ಮೇಲೆ ಬಿಡಿಸಿದ್ದೂ ಘಟಕಗಳೇ. ಆದರೆ ಪ್ರಶ್ನೆಯಲ್ಲೇ x, y ದಿಕ್ಕು ಕೊಟ್ಟಿದ್ದರೆ ಆ ದಿಕ್ಕಿನಲ್ಲೇ ಕೋನ ಹೇಳಬೇಕಾಗುತ್ತದೆ.

ವೇಗದೂತ

ನನಗೆ ಅನ್ನಿಸುವುದು ಬೇರೆ. ಪ್ರಶ್ನೆಯಲ್ಲಿ "ಘಟಕಗಳನ್ನು ಬಳಸಿ" ಅಂತ ಇದ್ದರೆ Fx, Fy ಬರೆಯುವುದೇ ಸುರಕ್ಷಿತ. ಕರ್ಣದ ದಾರಿಯನ್ನು ಪಕ್ಕದಲ್ಲಿ ತಾಳೆ ನೋಡಲು ಇಟ್ಟುಕೊಳ್ಳಬೇಕು.

ಬಯಲುಸೀಮೆ

ಒಬ್ಬೊಬ್ಬ ಮೌಲ್ಯಮಾಪಕರು ಒಂದೊಂದು ಥರ. ನಾನು ಎರಡೂ ಬರೆಸುತ್ತೇನೆ.

ತುಂತುರು

ಮೇಡಂ, ನೀವು ಹೇಳಿದ ಉಪಾಯ ಮಾಡಿ ನೋಡಿದೆ. D ಯ −1 ಅನ್ನು +1 ಮಾಡಿದೆ. ಮೊದಲು ಚಿತ್ರ ಮಾತ್ರ ನೋಡಿ ಊಹೆ ಬರೆದೆ. D ಈಗ B ಕಡೆಗೆ ತಳ್ಳುತ್ತದೆ, ಹಾಗಾಗಿ BD ಯಲ್ಲಿ 4 ಇದ್ದದ್ದು 6 ಆಗಬೇಕು, ಬಾಣ ಇನ್ನಷ್ಟು ಬಲಕ್ಕೆ ವಾಲಬೇಕು, ಬಲವೂ ಜಾಸ್ತಿ ಆಗಬೇಕು. ಆಮೇಲೆ ಲೆಕ್ಕ:

```
Fx = ( 3.6 + 9.0 − 9.0 + 1.8) × 0.7071 = 3.82 N
Fy = (−3.6 + 9.0 + 9.0 + 1.8) × 0.7071 = 11.46 N
F  = 12.07 N,  θ = 71.57°
```

ಊಹೆಯ ಹಾಗೇ ಬಂತು. ಆಮೇಲೆ ನನ್ನ ಹಳೆಯ ರೀತಿಯಲ್ಲೂ ಮಾಡಿದೆ. ಮತ್ತೆ ಅದೇ −8.91, −1.27, ಅದೇ 9.0! D ಯ ಚಿಹ್ನೆ ಬದಲಾದದ್ದು ಅದಕ್ಕೆ ಗೊತ್ತೇ ಆಗಿಲ್ಲ.

ನಾಳೆ ಕ್ಲಾಸಿನಲ್ಲಿ ನಡುವಿನ ಚಾರ್ಜ್ −1 ಇರುವ ಲೆಕ್ಕ ಇದೆ. ನಾಲ್ಕು ಬಾಣವೂ ಒಟ್ಟಿಗೆ ತಿರುಗಬೇಕು, ಅಂದರೆ ಅದೇ 9.0, ಕೋನ 261.87 ಅಂತ ಬರೆದಿಟ್ಟುಕೊಂಡಿದ್ದೇನೆ.

ಲ್ಯಾಬ್ ಬೆಂಚು

ಸರಿ ಇದೆ. ಅಲ್ಲಿ tan⁻¹ ಒತ್ತಿದರೆ ಕ್ಯಾಲ್ಕುಲೇಟರ್ ಮತ್ತೆ 81.87 ಅಂತಲೇ ಹೇಳುತ್ತದೆ, ನೋಡಿಕೋ.